ಎರಡು ಹಾಫ್ ಆ್ಯಡರ್ ಸೇರಿಸಿ ಫುಲ್ ಆ್ಯಡರ್: ಎಂಟರಲ್ಲಿ ಒಂದೇ ಒಂದು ಸಾಲು ತಪ್ಪು ಬರುತ್ತಿದೆ

ಮಿನುಗುಹುಳ

ನಮಸ್ಕಾರ ಎಲ್ಲರಿಗೂ. ಎರಡು ದಿನದಿಂದ ಒಂದು ಫುಲ್ ಆ್ಯಡರ್ ಜೊತೆ ಗುದ್ದಾಡುತ್ತಿದ್ದೇನೆ. ಬ್ರೆಡ್‌ಬೋರ್ಡ್ ಮೇಲೆ 7486, 7408, 7432 ಹೀಗೆ ಮೂರು ಐಸಿ ಇವೆ. ಮೊದಲ ಹಾಫ್ ಆ್ಯಡರಿಗೆ A ಮತ್ತು B ಕೊಟ್ಟಿದ್ದೇನೆ. ಅದರ ಸಮ್ ಮತ್ತು Cin ಎರಡನೇ ಹಾಫ್ ಆ್ಯಡರಿಗೆ ಹೋಗುತ್ತವೆ. ಎರಡರಿಂದಲೂ ಬರುವ ಕ್ಯಾರಿಗಳನ್ನು ಒಂದು ಆರ್ ಗೇಟಿಗೆ ಕೊಟ್ಟು Cout ತೆಗೆದಿದ್ದೇನೆ.

ಎಂಟು ಸಾಲುಗಳಲ್ಲಿ ಏಳು ಸರಿ ಬರುತ್ತಿವೆ. A=0, B=1, Cin=1 ಕೊಟ್ಟಾಗ ಮಾತ್ರ ಎಡವಟ್ಟು. ಸಮ್ 0 ಬರುತ್ತದೆ, ಅದು ಸರಿ. ಆದರೆ ಕ್ಯಾರಿ ಎಲ್‌ಇಡಿ ಉರಿಯುವುದೇ ಇಲ್ಲ. ಉತ್ತರ 10 ಬರಬೇಕಿತ್ತು, 00 ಬರುತ್ತಿದೆ. ಮೂರೂ ಐಸಿ ಬದಲಿಸಿ ನೋಡಿದೆ, ಅದೇ ಕಥೆ.

ಇನ್ನೊಂದು ತಲೆಬಿಸಿ. ನನ್ನ ಸರ್ಕ್ಯೂಟ್ ನೋಡಿಕೊಂಡು ನಾನು ಬರೆದ ಕ್ಯಾರಿ ಹೀಗಿದೆ:

```
Cout = AB + Cin(A⊕B)
```

ನೋಟ್ಸಿನಲ್ಲಿ ಇರುವುದು ಹೀಗೆ:

```
Cout = AB + B·Cin + A·Cin
```

ಎರಡೂ ಬೇರೆ ಬೇರೆ ಕಾಣುತ್ತವೆ. ನನ್ನ ಎಕ್ಸ್‌ಪ್ರೆಶನ್ ತಪ್ಪಾಗಿರುವುದಕ್ಕೇ ಆ ಒಂದು ಸಾಲು ಕೈಕೊಡುತ್ತಿದೆಯಾ?

ಶೂನ್ಯಒಂದು

ಹೌದು, ಎಕ್ಸ್‌ಪ್ರೆಶನ್ನಿನಲ್ಲೇ ತೊಂದರೆ. A ಮತ್ತು B ಎರಡೂ 1 ಆದಾಗ A⊕B ಸೊನ್ನೆ ಆಗಿಬಿಡುತ್ತದೆ. ಅಲ್ಲಿ Cin ಕಳೆದುಹೋಗುತ್ತದೆ. ಎಕ್ಸ್-ಆರ್ ತೆಗೆದು ಅಲ್ಲಿ ಸಾಮಾನ್ಯ ಆರ್ ಹಾಕಿ, AB + Cin(A+B) ಮಾಡಿ. ಬಿಡಿಸಿದರೆ ನಿಮ್ಮ ನೋಟ್ಸಿನ ಉತ್ತರವೇ ಬರುತ್ತದೆ.

ಅದೂ ಅಲ್ಲದಿದ್ದರೆ 7408ರ ಯಾವುದೋ ಪಿನ್ ಸರಿಯಾಗಿ ಕೂತಿಲ್ಲ, ಗಾಳಿಯಲ್ಲಿದೆ. ಬ್ರೆಡ್‌ಬೋರ್ಡ್ ಅಂದಮೇಲೆ ಇದು ಇದ್ದದ್ದೇ. ವೈರುಗಳನ್ನೆಲ್ಲ ಒಮ್ಮೆ ಒತ್ತಿ ನೋಡಿ.

ಹಳೇಸೋಲ್ಡರ್

ವೈರು ಒತ್ತಬೇಡಿ, ಇನ್ನೂ ಸ್ವಲ್ಪ ತಡೀರಿ. ಒತ್ತಿದರೆ ಒಂದು ತಪ್ಪು ಹೋಗಿ ಇನ್ನೊಂದು ಬರುತ್ತದೆ, ಆಮೇಲೆ ಯಾವುದು ಎಲ್ಲಿತ್ತು ಅಂತ ಗೊತ್ತಾಗುವುದಿಲ್ಲ. ಒಂದೇ ಸಾಲು ತಪ್ಪಿದೆ ಅಂದರೆ ಅದು ಒಳ್ಳೆಯ ಸುದ್ದಿ. ಆ ಸಾಲೇ ವೈರು ಎಲ್ಲಿ ತಪ್ಪಿದೆ ಅಂತ ಹೇಳುತ್ತದೆ.

ನಿಮ್ಮ ಎಕ್ಸ್‌ಪ್ರೆಶನ್ ಸರಿಯಾಗಿಯೇ ಇದೆ. 011 ಹಾಕಿ ನೋಡಿ. AB ಅಂದರೆ 0. A⊕B ಅಂದರೆ 1, Cin 1, ಒಟ್ಟು 1. ಕಾಗದದ ಮೇಲೆ 1 ಬಂದು ಬೋರ್ಡಿನ ಮೇಲೆ 0 ಬಂದರೆ, ಬೋರ್ಡಿನಲ್ಲಿ ಇರುವುದು ನೀವು ಬರೆದ ಸರ್ಕ್ಯೂಟ್ ಅಲ್ಲ.

ಒಂದೇ ಪ್ರಶ್ನೆ: A=0, B=0, Cin=1 ಕೊಟ್ಟಾಗ ಕ್ಯಾರಿ ಏನು ಬರುತ್ತದೆ? ಇನ್ನೊಮ್ಮೆ ಹಾಕಿ ನೋಡಿ ಹೇಳಿ. ನಿಮ್ಮ ಐಸಿ ಮೇಲೆ 74LS ಅಂತಿದೆಯೋ 74HC ಅಂತಿದೆಯೋ ಅದನ್ನೂ ಹೇಳಿ.

ಮಿನುಗುಹುಳ

74LS, ಮೂರೂ. 001 ಕೊಟ್ಟೆ ಸರ್. ಸಮ್ 1, ಕ್ಯಾರಿ 0. ಸರಿಯಾಗಿದೆ. 101 ಕೂಡ ನೋಡಿದೆ, ಸಮ್ 0, ಕ್ಯಾರಿ 1. ಅದೂ ಸರಿ.

ಹಳೇಸೋಲ್ಡರ್

ಸಾಕು. ನಿಮ್ಮ 7408ರ ಎರಡನೇ ಗೇಟಿಗೆ A⊕B ಹೋಗುತ್ತಿಲ್ಲ, ಬರೀ A ಹೋಗುತ್ತಿದೆ. ಹೋಗಿ ನೋಡಿ ಬನ್ನಿ, ಅಷ್ಟರಲ್ಲಿ ಹೇಗೆ ಗೊತ್ತಾಯಿತು ಅಂತ ಬರೆದಿಡುತ್ತೇನೆ.

Cout 1 ಆಗಬೇಕಾದ ಸಾಲುಗಳು ನಾಲ್ಕು. ಅದರಲ್ಲಿ 110 ಮತ್ತು 111 ಮೊದಲ ಹಾಫ್ ಆ್ಯಡರಿನ ಪಾಲು, ಅಲ್ಲಿ AB ಒಂದೇ ಸಾಕು. ಉಳಿದ 011 ಮತ್ತು 101 ಎರಡನೇ ಹಾಫ್ ಆ್ಯಡರಿನ ಪಾಲು. ನಿಮ್ಮ ತಪ್ಪು 011ರಲ್ಲಿ. ಹಾಗಾಗಿ ಮೊದಲ ಆ್ಯಂಡ್ ಗೇಟ್ ಬಗ್ಗೆ ಯೋಚಿಸುವುದೇ ಬೇಡ. ಸಮ್ ಎಂಟೂ ಸಾಲಿನಲ್ಲಿ ಸರಿ ಇದೆ, ಆದ್ದರಿಂದ ಎರಡು ಎಕ್ಸ್-ಆರ್ ಕೂಡ ಸರಿ. 101ರಲ್ಲಿ ಕ್ಯಾರಿ ಬರುತ್ತಿದೆ ಅಂದರೆ ಎರಡನೇ ಆ್ಯಂಡ್ ಜೀವಂತ ಇದೆ, ಅದರಿಂದ ಆರ್ ಗೇಟಿಗೆ ಹೋಗುವ ದಾರಿಯೂ ಸರಿ ಇದೆ. ಉಳಿದದ್ದು ಆ ಆ್ಯಂಡಿನ ಇನ್‌ಪುಟ್ ಮಾತ್ರ.

ಈಗ ಶೂನ್ಯಒಂದು ಅವರು ಹೇಳಿದ ಗಾಳಿಯಲ್ಲಿರುವ ಪಿನ್. LS ಸರಣಿಯ ಐಸಿಯಲ್ಲಿ ಏನೂ ಕೊಡದೆ ಬಿಟ್ಟ ಇನ್‌ಪುಟ್ ಸಾಮಾನ್ಯವಾಗಿ 1 ಅಂತಲೇ ನಡೆದುಕೊಳ್ಳುತ್ತದೆ. A⊕B ಬರಬೇಕಾದ ಪಿನ್ ಗಾಳಿಯಲ್ಲಿದ್ದಿದ್ದರೆ ಕ್ಯಾರಿ AB + Cin ಆಗುತ್ತಿತ್ತು. ಆಗಲೂ ಒಂದೇ ಸಾಲು ತಪ್ಪುತ್ತದೆ, ಆದರೆ ಅದು 001. ಅದಕ್ಕೇ ಆ ಸಾಲು ಕೇಳಿದ್ದು. Cin ಬರಬೇಕಾದ ಪಿನ್ ಗಾಳಿಯಲ್ಲಿದ್ದಿದ್ದರೆ ಕ್ಯಾರಿ A+B ಆಗಿ 010, 100 ಎರಡೂ ತಪ್ಪುತ್ತಿದ್ದವು. ಎರಡೂ ನಿಮ್ಮಲ್ಲಿಲ್ಲ.

A ನೇರವಾಗಿ ಹೋದರೆ ಕ್ಯಾರಿ AB + A·Cin. A ಸೊನ್ನೆ ಇದ್ದಾಗ ಕ್ಯಾರಿ ಬರುವ ಪ್ರಶ್ನೆಯೇ ಇಲ್ಲ. ಹಾಗೆ ಸೋಲುವ ಸಾಲು 011 ಒಂದೇ. ತಪ್ಪಿ B ಹೋಗಿದ್ದರೆ 101 ಸೋಲುತ್ತಿತ್ತು.

74HC ಆಗಿದ್ದರೆ ಈ ಲೆಕ್ಕದಲ್ಲಿ ಗಾಳಿಯ ಪಿನ್ ಭಾಗವನ್ನು ನಂಬುತ್ತಿರಲಿಲ್ಲ. ಅದರಲ್ಲಿ ಬಿಟ್ಟ ಪಿನ್ ಒಮ್ಮೆ 0, ಒಮ್ಮೆ 1. ಕೈ ಹತ್ತಿರ ತಂದರೂ ಬದಲಾಗುತ್ತದೆ.

ಮಿನುಗುಹುಳ

ಅಯ್ಯೋ! ಹೌದು ಸರ್!! 7486ರ 3ನೇ ಪಿನ್ನಿನಿಂದ 7408ರ 4ನೇ ಪಿನ್ನಿಗೆ ಹಳದಿ ವೈರು ಹೋಗಬೇಕಿತ್ತು. ಅದು 7486ರ 1ನೇ ಪಿನ್ನಿನ ಸಾಲಿನಲ್ಲಿ ಕೂತಿತ್ತು. ಅಲ್ಲಿ ಇರುವುದು A. ಎರಡು ತೂತು ಆ ಕಡೆ. ಮೇಲಿನಿಂದ ನೋಡಿದರೆ A ವೈರು ಅಡ್ಡ ಬಂದು ಕಾಣುತ್ತಲೇ ಇರಲಿಲ್ಲ. ಸರಿಸಿದೆ, ಎಂಟೂ ಸಾಲು ಸರಿ ಬಂತು.

ಐಸಿ ಬದಲಿಸುವಾಗ ವೈರು ಮುಟ್ಟಿಯೇ ಇರಲಿಲ್ಲ, ಅದಕ್ಕೇ ಏನೂ ಬದಲಾಗಲಿಲ್ಲ.

ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ಎರಡೂ ಎಕ್ಸ್‌ಪ್ರೆಶನ್ ಒಂದೇ ಅಂತ ಹೇಗೆ ತೋರಿಸುವುದು? ಎಂಟು ಸಾಲು ಹಾಕಿ ನೋಡಿದರೆ ಒಂದೇ ಬರುತ್ತದೆ, ಆದರೆ ಬಿಡಿಸಿ ತೋರಿಸಿ ಅಂತಾರೆ.

ಗಡಿಬಿಡಿ

ನನಗೆ ಒಂದು ಅರ್ಥ ಆಗಲಿಲ್ಲ. ಎರಡು ಹಾಫ್ ಆ್ಯಡರನ್ನು ಪಕ್ಕಪಕ್ಕ ಇಟ್ಟು ಒಂದೊಂದಕ್ಕೆ ಒಂದೊಂದು ಬಿಟ್ ಕೊಟ್ಟರೆ 2 ಬಿಟ್ ಸಂಖ್ಯೆ ಕೂಡಬಹುದಲ್ವಾ? ಆರ್ ಗೇಟ್ ಯಾಕೆ ಬೇಕು? ನಾನು ಹಾಗೇ ಬರೆದು ಬಂದಿದ್ದೇನೆ, ಮಾರ್ಕ್ಸ್ ಬರುತ್ತಾ?

ಹಳೇಸೋಲ್ಡರ್

ಇಲ್ಲಿ ಮಾತಾಡುತ್ತಿರುವುದು ಬೇರೆ ಜೋಡಣೆ. ನೀವು ಹೇಳಿದ ಹಾಗೆ ಇಟ್ಟು 01 + 01 ಕೂಡಿ ನೋಡಿ. ಬಲಗಡೆ 1+1, ಬರೆಯುವುದು 0, ಕೈಯಲ್ಲಿ 1. ಎಡಗಡೆಯ ಹಾಫ್ ಆ್ಯಡರಿಗೆ ಎರಡೇ ಇನ್‌ಪುಟ್. ಅಲ್ಲಿ ಎರಡು ಸೊನ್ನೆ ಆಗಲೇ ಕೂತಿವೆ. ಕೈಯಲ್ಲಿದ್ದ 1 ಹೋಗುವುದಕ್ಕೆ ಜಾಗವೇ ಇಲ್ಲ. ಉತ್ತರ 00 ಬರುತ್ತದೆ. ಆ ಮೂರನೇ ಅಂಕಿಗೆ ಜಾಗ ಮಾಡಿಕೊಡುವುದಕ್ಕೇ ಎರಡನೇ ಹಾಫ್ ಆ್ಯಡರ್. ಎರಡೂ ಒಂದೇ ಬಿಟ್ಟಿಗೆ ಸೇರಿದ್ದು, ಅಕ್ಕಪಕ್ಕದ ಬಿಟ್ಟುಗಳಿಗಲ್ಲ.

ಗಡಿಬಿಡಿ

ಹಾಗಾದರೆ ಹೋಯ್ತು ಬಿಡಿ ಐದು ಮಾರ್ಕ್ಸ್.

ಕಪ್ಪುಹಲಗೆ

ಮಿನುಗುಹುಳ ಅವರ ಎರಡನೇ ಪ್ರಶ್ನೆಗೆ ಬರೋಣ. ಬರೆಯುವುದು ಸುಲಭ ಆಗಲಿ ಅಂತ Cin ಬದಲು ಬರೀ C ಅಂತ ಬರೆಯುತ್ತೇನೆ.

ಮೊದಲು ಸಮ್. ಮೂರರಲ್ಲಿ ಒಂದು 1 ಇದ್ದಾಗ ಅಥವಾ ಮೂರೂ 1 ಇದ್ದಾಗ ಸಮ್ 1. ಅಂಥ ಸಾಲುಗಳು ನಾಲ್ಕು.

```
S = A'B'C + A'BC' + AB'C' + ABC
  = C'(A'B + AB') + C(A'B' + AB)
  = C'(A⊕B) + C(A⊕B)'
  = A⊕B⊕C
```

ಎಲ್ಲರೂ ಎಡವುವುದು ಎರಡನೇ ಸಾಲಿನ ಕೊನೆಯ ಕಂಸದಲ್ಲಿ. A'B' + AB ಅಂದರೆ A ಮತ್ತು B ಒಂದೇ ಥರ ಇವೆ ಅಂತ. A⊕B ಅಂದರೆ ಎರಡೂ ಬೇರೆ ಬೇರೆ ಅಂತ. ಒಂದು ಇನ್ನೊಂದರ ಉಲ್ಟಾ. ಇಷ್ಟು ಹೊಳೆದರೆ ಮೂರನೇ ಸಾಲು ತಾನೇ ಬರುತ್ತದೆ. A⊕B ಅನ್ನು P ಅಂತ ಕರೆದರೆ, ಉಳಿಯುವುದು C'P + CP'. ಅದು ಇನ್ನೊಂದು ಹಾಫ್ ಆ್ಯಡರಿನ ಸಮ್. ಎರಡನೇ ಹಾಫ್ ಆ್ಯಡರ್ ಎಲ್ಲಿಂದ ಬಂತು ಅನ್ನುವುದಕ್ಕೆ ಇದೇ ಉತ್ತರ, ಯಾರೋ ಸುಮ್ನೆ ತಂದು ಇಟ್ಟಿದ್ದಲ್ಲ.

ಈಗ ಕ್ಯಾರಿ. ಅಲ್ಲೂ ನಾಲ್ಕು ಸಾಲು. ಹೇಗೆ ಗುಂಪು ಮಾಡುತ್ತೀರಿ ಅನ್ನುವುದರ ಮೇಲೆ ಉತ್ತರದ ರೂಪ ನಿಂತಿದೆ.

```
Cout = A'BC + AB'C + ABC' + ABC
     = C(A'B + AB') + AB(C' + C)
     = C(A⊕B) + AB
```

ಇಲ್ಲಿ ABC ಯನ್ನು ಒಂದೇ ಸಲ ಬಳಸಿದೆವು, ABC' ಜೊತೆ. ಕೆ-ಮ್ಯಾಪ್‌ನಲ್ಲಿ ಏನು ಮಾಡುತ್ತೇವೆ? ಅದೇ ABC ಮನೆಯನ್ನು ಮೂರು ಗುಂಪಿಗೂ ಸೇರಿಸುತ್ತೇವೆ. ಅದಕ್ಕೇ ಅಲ್ಲಿ AB + BC + CA ಬರುತ್ತದೆ. ಒಂದೇ ನಾಲ್ಕು ಮನೆಗಳು, ಗುಂಪು ಮಾಡಿದ ರೀತಿ ಬೇರೆ ಅಷ್ಟೇ.

ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹೀಗೆ:

```
AB + C(A'B + AB')
= AB + A'BC + AB'C
= B(A + A'C) + AB'C
= B(A + C) + AB'C
= AB + BC + AB'C
= A(B + B'C) + BC
= A(B + C) + BC
= AB + AC + BC
```

ಎರಡು ಕಡೆ ಬಳಸಿದ್ದು ಒಂದೇ ಸೂತ್ರ: X + X'Y = X + Y. ಒಮ್ಮೆ A ಮೇಲೆ, ಒಮ್ಮೆ B ಮೇಲೆ. ಪರೀಕ್ಷೆಯಲ್ಲಿ ಈ ಎರಡು ಹೆಜ್ಜೆ ಹಾರಿಸಿ ನೇರ ಉತ್ತರ ಬರೆದವರೇ ಜಾಸ್ತಿ. ನಾನು ತಿದ್ದುವಾಗ ಮೊದಲು ನೋಡುವುದೇ ಅಲ್ಲಿ.

ಮಿನುಗುಹುಳ

ಮೇಡಂ, ಹಾಗಾದರೆ "ಎರಡು ಹಾಫ್ ಆ್ಯಡರ್ ಬಳಸಿ" ಅಂತ ಕೇಳಿದಾಗ ಯಾವ ರೂಪ ಬರೆಯಬೇಕು?

ಕಪ್ಪುಹಲಗೆ

AB + C(A⊕B). ಚಿತ್ರದಲ್ಲಿ ಇರುವ ಪ್ರತಿ ಗೇಟನ್ನೂ ಅದರಲ್ಲಿ ಬೆರಳಿಟ್ಟು ತೋರಿಸಬಹುದು. AB ಮೊದಲ ಆ್ಯಂಡ್, C(A⊕B) ಎರಡನೆಯದು, ನಡುವಿನ + ಆರ್ ಗೇಟ್. AB + BC + CA ಬರೆದು ಹಾಫ್ ಆ್ಯಡರ್ ಚಿತ್ರ ಬರೆದರೆ ಎರಡೂ ಸರಿಯೇ, ಆದರೆ ಒಂದಕ್ಕೊಂದು ಸಂಬಂಧ ಕಾಣುವುದಿಲ್ಲ.

ಶೂನ್ಯಒಂದು

ಸರಿ, ಎಕ್ಸ್‌ಪ್ರೆಶನ್ ವಿಷಯದಲ್ಲಿ ನಾನು ಆತುರಪಟ್ಟೆ, ಒಪ್ಪಿದೆ. ಆದರೆ ನನ್ನ AB + Cin(A+B) ಕೂಡ ತಪ್ಪಲ್ಲ ಅಲ್ವಾ?

ಇನ್ನೊಂದು. ಕೊನೆಯಲ್ಲಿ ಆರ್ ಬದಲು ಎಕ್ಸ್-ಆರ್ ಹಾಕಿದರೂ ನಡೆಯುತ್ತದೆ ಅಂತ ಯಾರೋ ಹೇಳಿದ್ದು ಕೇಳಿದ್ದೇನೆ. ಅದು ಹೇಗೆ ಸಾಧ್ಯ? 111 ಕೊಟ್ಟಾಗ ಎರಡು ಕ್ಯಾರಿಯೂ 1 ಆಗಿ, 1⊕1 ಅಂದರೆ 0 ಆಗಿಬಿಡುತ್ತದಲ್ಲ.

ಹಳೇಸೋಲ್ಡರ್

ನಿಮ್ಮ ಎರಡು ಮಾತನ್ನೂ ಒಟ್ಟಿಗೆ ಇಟ್ಟರೆ ಉತ್ತರ ಸಿಗುತ್ತದೆ. ಇದು ನನಗೆ ಈ ಸರ್ಕ್ಯೂಟಿನಲ್ಲಿ ತುಂಬ ಇಷ್ಟವಾದ ಜಾಗ, ಸ್ವಲ್ಪ ಉದ್ದ ಬರೆದರೆ ಬೇಜಾರಾಗಬೇಡಿ.

ಹಾಫ್ ಆ್ಯಡರ್ ಎರಡು ಇರುವ ಸರ್ಕ್ಯೂಟಿನಲ್ಲಿ ಎರಡೂ ಕ್ಯಾರಿ ಒಟ್ಟಿಗೆ 1 ಆಗುವುದೇ ಇಲ್ಲ. ಮೊದಲ ಹಾಫ್ ಆ್ಯಡರ್ ಕ್ಯಾರಿ ಕೊಡಬೇಕಾದರೆ A, B ಎರಡೂ 1 ಇರಬೇಕು. ಆಗ ಅದರ ಸಮ್ ಸೊನ್ನೆ. ಆ ಸೊನ್ನೆಯೇ ಎರಡನೇ ಹಾಫ್ ಆ್ಯಡರಿಗೆ ಹೋಗುವುದು. ಒಂದು ಇನ್‌ಪುಟ್ ಸೊನ್ನೆ ಇರುವ ಹಾಫ್ ಆ್ಯಡರ್ ಕ್ಯಾರಿ ಎಲ್ಲಿಂದ ಕೊಡಬೇಕು? 111 ಕೊಟ್ಟಾಗ ಮೊದಲನೆಯದು ಹೇಳುವುದು "ಬರೆಯುವುದು 0, ಕೈಯಲ್ಲಿ 1". ಎರಡನೆಯದು 0+1 ಮಾಡಿ "ಬರೆಯುವುದು 1, ಕೈಯಲ್ಲಿ ಏನೂ ಇಲ್ಲ" ಅನ್ನುತ್ತದೆ. ಒಟ್ಟು 11, ಅಂದರೆ ಮೂರು.

ಬೇರೆ ದಾರಿಯಲ್ಲೂ ನೋಡಬಹುದು. ಒಂದೊಂದು ಕ್ಯಾರಿಯ ಬೆಲೆ ಎರಡು. ಎರಡೂ ಬಂದರೆ ಮೊತ್ತ ನಾಲ್ಕು. ಮೂರು ಬಿಟ್ ಕೂಡಿದರೆ ಮೂರರ ಮೇಲೆ ಹೋಗುವುದೇ ಇಲ್ಲವಲ್ಲ.

ಆರ್ ಗೇಟಿಗೂ ಎಕ್ಸ್-ಆರ್ ಗೇಟಿಗೂ ಇರುವ ವ್ಯತ್ಯಾಸ ಒಂದೇ ಸಾಲು, ಎರಡೂ ಇನ್‌ಪುಟ್ 1 ಆದಾಗ. ಆ ಸಾಲು ಇಲ್ಲಿ ಬರುವುದೇ ಇಲ್ಲ. ಹಾಗಾಗಿ ಯಾವುದನ್ನು ಹಾಕಿದರೂ ಒಂದೇ. 7486ರಲ್ಲಿ ನಾಲ್ಕು ಗೇಟುಗಳಿವೆ, ಎರಡೇ ಬಳಸಿದ್ದೀರಿ. ಮೂರನೆಯದನ್ನು ಕ್ಯಾರಿಗೆ ಬಳಸಿದರೆ 7432 ಐಸಿಯೇ ಬೇಡ.

ಈಗ ನಿಮ್ಮ AB + Cin(A+B). ಅದೂ ಸರಿಯಾದ ಕ್ಯಾರಿಯೇ. ಆದರೆ ಅದರಲ್ಲಿ 111 ಕೊಟ್ಟರೆ AB ಕೂಡ 1, Cin(A+B) ಕೂಡ 1. ಅಲ್ಲಿ ಎಕ್ಸ್-ಆರ್ ಹಾಕಿದರೆ ನೀವು ಹೆದರಿದ ಹಾಗೇ ಸೊನ್ನೆ ಬರುತ್ತದೆ. ನಿಮ್ಮ ಭಯ ನಿಜವೇ, ನೀವು ಹೇಳಿದ ಸರ್ಕ್ಯೂಟಿಗೆ. ಈ ಹುಡುಗಿಯ ಸರ್ಕ್ಯೂಟಿಗೆ ಅಲ್ಲ.

ಶೂನ್ಯಒಂದು

ಓಹೋ. ಅಂದರೆ ಒಳಗೆ ಎಕ್ಸ್-ಆರ್ ಇದ್ದರೆ ಹೊರಗೆ ಯಾವುದಾದರೂ ಸರಿ. ಒಳಗೆ ಆರ್ ಇದ್ದರೆ ಹೊರಗೂ ಆರ್ ಆಗಲೇಬೇಕು. ಒಂದು ಕಡೆ ಮಾತ್ರ ಸಡಿಲ.

ಹಾಗಾದರೆ AB + BC + CA ಯಲ್ಲೂ + ತೆಗೆದು ಎಲ್ಲ ಕಡೆ ⊕ ಹಾಕಿದರೆ ಕೆಡುತ್ತದೆ, ಸರಿನಾ?

ಕಪ್ಪುಹಲಗೆ

ಇಲ್ಲ, ಕೆಡುವುದಿಲ್ಲ. ಎರಡು 1 ಇದ್ದಾಗ ಮೂರು ಪದಗಳಲ್ಲಿ ಒಂದೇ 1. ಮೂರೂ 1 ಇದ್ದಾಗ ಮೂರು ಪದವೂ 1, ಮೂರು ಬೆಸ, ⊕ ಉತ್ತರ 1. ಮಜಾ ಇದೆ ಅಲ್ವಾ?

ಶೂನ್ಯಒಂದು

ಇವತ್ತು ನಾನು ಬಾಯಿ ಮುಚ್ಚಿಕೊಂಡಿರುವುದೇ ವಾಸಿ.

ಅರ್ಧರಾತ್ರಿ

ನಂದೂ ಹೀಗೇ ಒಂದೇ ಸಾಲು ತಪ್ಪು, ಆದರೆ ಬೋರ್ಡ್ ಇಲ್ಲ, ವೆರಿಲಾಗ್. 010 ಕೊಟ್ಟಾಗ ಕ್ಯಾರಿ 1 ಬರುತ್ತಿದೆ, ಬಾಕಿ ಏಳು ಸರಿ. ಮೇಲಿನ ಲೆಕ್ಕ ನೋಡಿದರೆ Cin ಗಾಳಿಯಲ್ಲಿದೆ ಅಂತಾಯಿತು, ಆದರೆ ಕೋಡಿನಲ್ಲಿ ಗಾಳಿ ಎಲ್ಲಿಂದ?

```verilog
assign s    = a ^ b ^ cin;
assign cout = a & b | cin & a ^ b;
```

ಹಳೇಸೋಲ್ಡರ್

Cin ಗಾಳಿಯಲ್ಲಿದ್ದರೆ 100 ಕೂಡ ತಪ್ಪಬೇಕಿತ್ತು. ನಿಮ್ಮದು ಕಂಸದ ತೊಂದರೆ. ವೆರಿಲಾಗ್‌ನಲ್ಲಿ ಮೊದಲು & ನಡೆಯುತ್ತದೆ, ಆಮೇಲೆ ^, ಕೊನೆಗೆ |. ನೀವು ಬರೆದದ್ದನ್ನು ಅದು ಓದುವುದು ಹೀಗೆ:

```verilog
assign cout = (a & b) | ((cin & a) ^ b);
```

010 ಹಾಕಿ: ಎಡಗಡೆ 0, ಬಲಗಡೆ 0 ^ 1, ಅಂದರೆ 1. ಕ್ಯಾರಿ ಬಂದೇಬಿಟ್ಟಿತು. ಬಾಕಿ ಸಾಲುಗಳು ಅದೃಷ್ಟಕ್ಕೆ ಸರಿ ಬರುತ್ತವೆ. 110ರಲ್ಲಂತೂ ಬಲಗಡೆ ತಪ್ಪಾಗಿ 1 ಬರುವುದನ್ನು a & b ಮುಚ್ಚಿಹಾಕಿದೆ. `cin & (a ^ b)` ಅಂತ ಕಂಸ ಹಾಕಿ, ಸರಿಹೋಗುತ್ತದೆ.

ನಾನಾದರೆ a ^ b ಗೆ ಒಂದು ಹೆಸರು ಕೊಟ್ಟು ಪ್ರತ್ಯೇಕ wire ಮಾಡುತ್ತೇನೆ. ಹೇಗೂ ಅದು ಎರಡು ಕಡೆ ಬೇಕು.

ಅರ್ಧರಾತ್ರಿ

ಸರಿಹೋಯ್ತು. ಎಂಟೂ ಸಾಲು ಓಡಿಸದೆ ನಾಲ್ಕೈದು ನೋಡಿ ಬಿಟ್ಟಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಗಡಿಬಿಡಿ

ಬರೀ ನ್ಯಾಂಡ್ ಗೇಟಿನಲ್ಲಿ ಮಾಡಿ ಅಂದರೆ ಎಷ್ಟು ಬೇಕು? ಒಬ್ಬರು 9 ಅಂತಾರೆ, ನಾನು ಎಣಿಸಿದರೆ 13 ಬರುತ್ತೆ.

ಕಪ್ಪುಹಲಗೆ

9 ಸಾಕು. ನಾಲ್ಕು ನ್ಯಾಂಡಿನಲ್ಲಿ ಒಂದು ಎಕ್ಸ್-ಆರ್ ಮಾಡುವಾಗ, ಮೊದಲ ನ್ಯಾಂಡ್ ಕೊಡುವುದೇ (AB)'. ಎರಡನೇ ಎಕ್ಸ್-ಆರ್‌ನಲ್ಲೂ ಮೊದಲ ನ್ಯಾಂಡ್ (PC)' ಕೊಡುತ್ತದೆ. ಆ ಎರಡನ್ನೂ ಒಂಬತ್ತನೇ ನ್ಯಾಂಡಿಗೆ ಕೊಟ್ಟರೆ ನೇರವಾಗಿ AB + PC. ನೀವು ಬಹುಶಃ ಎರಡು ಎಕ್ಸ್-ಆರ್‌ಗೆ ಎಂಟು ಎಣಿಸಿ, ಆ್ಯಂಡ್, ಆರ್ ಮತ್ತೆ ಬೇರೆ ಮಾಡಿಕೊಂಡಿರಿ. ಆಗಲೇ ಇರುವುದನ್ನು ಮತ್ತೆ ಕಟ್ಟುವುದು ಬೇಡ.

ಅರ್ಧರಾತ್ರಿ

ಒಂದು ಡೌಟು. A, B, Cin ಮೂರೂ ಸಮಾನ ಅಲ್ವಾ? ಮೂರರಲ್ಲಿ ಯಾವ ಎರಡನ್ನು ಮೊದಲ ಹಾಫ್ ಆ್ಯಡರಿಗೆ ಕೊಟ್ಟರೂ ಉತ್ತರ ಒಂದೇ. ಮತ್ತೆ ಎಲ್ಲರೂ Cin ಅನ್ನೇ ಯಾಕೆ ಎರಡನೆಯದಕ್ಕೆ ಕೊಡುತ್ತಾರೆ?

ಹಳೇಸೋಲ್ಡರ್

ಉತ್ತರ ಒಂದೇ, ಆದರೆ ಬರುವ ಹೊತ್ತು ಬೇರೆ. ಒಂದು ಗೇಟ್ ದಾಟುವುದಕ್ಕೆ ಒಂದು ಹೆಜ್ಜೆ ಅಂತ ಇಟ್ಟುಕೊಳ್ಳಿ. A ಯಿಂದ Cout ಗೆ ಉದ್ದದ ದಾರಿ ಎಕ್ಸ್-ಆರ್, ಆ್ಯಂಡ್, ಆರ್. ಮೂರು ಹೆಜ್ಜೆ. Cin ಎರಡನೇ ಹಾಫ್ ಆ್ಯಡರಿಗೆ ಬರುವುದರಿಂದ ಅದಕ್ಕೆ ಆ್ಯಂಡ್, ಆರ್. ಎರಡೇ ಹೆಜ್ಜೆ.

ನಾಲ್ಕು ಫುಲ್ ಆ್ಯಡರ್ ಸಾಲಾಗಿ ಜೋಡಿಸಿದರೆ ಎಲ್ಲ A, B ಒಟ್ಟಿಗೇ ಬಂದು ಕೂತಿರುತ್ತವೆ. ತಡವಾಗಿ ಬರುವುದು ಕ್ಯಾರಿ ಒಂದೇ. ಹಾಗಾಗಿ ಅದಕ್ಕೆ ಹತ್ತಿರದ ದಾರಿ ಬಿಟ್ಟುಕೊಡಬೇಕು. ಮೊದಲ ಬಿಟ್ಟಿಗೆ 3, ಉಳಿದ ಮೂರಕ್ಕೆ ಎರಡೆರಡು, ಕೊನೆಯ ಕ್ಯಾರಿಗೆ ಉದ್ದದ ದಾರಿ 9 ಹೆಜ್ಜೆ. Cin ಅನ್ನು ಮೊದಲ ಹಾಫ್ ಆ್ಯಡರಿಗೆ ಕೊಟ್ಟಿದ್ದರೆ ಪ್ರತಿ ಬಿಟ್ಟಿಗೂ ಮೂರು, ಒಟ್ಟು 12. ಟ್ರೂತ್ ಟೇಬಲ್ ನೋಡಿದರೆ ಈ ತಪ್ಪು ಯಾವತ್ತೂ ಕಾಣುವುದಿಲ್ಲ.

ಶೂನ್ಯಒಂದು

ಬಾಯಿ ಮುಚ್ಚಿಕೊಂಡಿರುತ್ತೇನೆ ಅಂದಿದ್ದೆ, ಆಗುತ್ತಿಲ್ಲ. ಎಕ್ಸ್-ಆರ್‌ಗೂ ಆ್ಯಂಡಿಗೂ ಒಂದೇ ಹೆಜ್ಜೆ ಅಂತ ಎಣಿಸುವುದು ಮೋಸ. ನ್ಯಾಂಡಿನಲ್ಲಿ ಕಟ್ಟಿದರೆ ಎಕ್ಸ್-ಆರ್ ಒಂದೇ ಮೂರು ಹಂತ. ನಿಮ್ಮ 9 ಅಷ್ಟೂ ಸುಳ್ಳಾಗುತ್ತದೆ.

ಹಳೇಸೋಲ್ಡರ್

ಅಷ್ಟೂ ಸುಳ್ಳಾಗುವುದಿಲ್ಲ. ಮೊದಲ ಬಿಟ್ಟಿನ ಎಕ್ಸ್-ಆರ್ ಮಾತ್ರ ಆ ದಾರಿಯಲ್ಲಿದೆ. ಮುಂದೆ ಕ್ಯಾರಿ ಹಾಯುವುದು ಆ್ಯಂಡ್, ಆರ್ ಮೂಲಕವೇ. ಎಕ್ಸ್-ಆರ್‌ಗೆ 3 ಅಂತ ಇಟ್ಟರೆ 9 ಹೋಗಿ 11. Cin ಮೊದಲನೆಯದಕ್ಕೆ ಕೊಟ್ಟವರದ್ದು 12 ಹೋಗಿ 20. ನಿಮ್ಮ ಲೆಕ್ಕದಲ್ಲಿ ನನ್ನ ಮಾತು ಇನ್ನೂ ಗಟ್ಟಿಯಾಯಿತು.

ಕಪ್ಪುಹಲಗೆ

ಆದರೂ ಪ್ರಶ್ನೆಪತ್ರಿಕೆಯಲ್ಲಿ ಯಾವ ಲೆಕ್ಕ ಹಿಡಿಯಬೇಕು ಅನ್ನುವುದು ಜಗಳವೇ. ಕೆಲವರು 1, ಕೆಲವರು 2, ಕೆಲವರು 3 ಅಂತ ಹಿಡಿಯುತ್ತಾರೆ. ಪ್ರಶ್ನೆಯಲ್ಲಿ ಹೇಳಿಲ್ಲ ಅಂದರೆ ನೀವೇ ಮೊದಲ ಸಾಲಿನಲ್ಲಿ "ಎಕ್ಸ್-ಆರ್‌ಗೆ ಇಷ್ಟು ಅಂತ ಹಿಡಿದಿದ್ದೇನೆ" ಅಂತ ಬರೆದುಬಿಡಿ.

ಶೂನ್ಯಒಂದು

ನಾನು 3 ಅಂತಲೇ ಹಿಡಿಯುವವನು.

ಹಳೇಸೋಲ್ಡರ್

ನಾನು ಐಸಿಯ ಡೇಟಾಶೀಟ್ ನೋಡಿ ಹಿಡಿಯುವವನು. ಇಲ್ಲಿಗೆ ಬಿಡೋಣ.

ಮಿನುಗುಹುಳ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ 7432 ಕಿತ್ತುಹಾಕಿ 7486ರ ಮೂರನೇ ಗೇಟನ್ನು ಕ್ಯಾರಿಗೆ ಬಳಸಿದೆ. 9, 10 ಇನ್‌ಪುಟ್, 8 ಔಟ್‌ಪುಟ್. ಎರಡೇ ಐಸಿಯಲ್ಲಿ ಎಂಟೂ ಸಾಲು ಸರಿ ಬಂತು. ಸುಮಾರು ಹೊತ್ತು ಸುಮ್ನೆ ಸ್ವಿಚ್ ಹಾಕಿ ತೆಗೆದು ಮಾಡುತ್ತಾ ಕೂತಿದ್ದೆ.

ಇವತ್ತು ಎರಡನೇ ಬಿಟ್ ಸೇರಿಸೋಣ ಅಂತ ಹೊರಟೆ. ಎರಡು ಬಿಟ್ಟಿನ ಸಮ್‌ಗೆ ನಾಲ್ಕು ಎಕ್ಸ್-ಆರ್ ಬೇಕು, ಅಲ್ಲಿಗೆ 7486 ಖಾಲಿ. ಆ್ಯಂಡ್ ನಾಲ್ಕು, 7408 ಕೂಡ ಖಾಲಿ. ಕ್ಯಾರಿಗಳಿಗೆ ಇನ್ನೂ ಎರಡು ಗೇಟ್ ಬೇಕು. ಕಿತ್ತಿದ್ದ 7432 ಹುಡುಕಿ ತಂದು ಮತ್ತೆ ಅಲ್ಲೇ ಕೂರಿಸಿದೆ. 11 + 01 ಕೊಟ್ಟೆ, 100 ಬಂತು.